ಕೆಲಸ ಬಿಟ್ಟ ಮೇಲೆ ಹಳೇ ಕಸ್ಟಮರ್‌ಗೆ ಫೋನ್ ಮಾಡಬಹುದಾ?

ಮಂಜು ಅಂತ ಒಬ್ಬನನ್ನು ಇಟ್ಟುಕೊಳ್ಳೋಣ. ಪೀಣ್ಯದ ಏರ್ ಕಂಪ್ರೆಸರ್ ಕಂಪನಿಯೊಂದರಲ್ಲಿ ಆರು ವರ್ಷದಿಂದ ಸೇಲ್ಸ್ ಎಂಜಿನಿಯರ್. ಬಿಡದಿ, ದಾಬಸ್‌ಪೇಟೆ ಕಡೆಯ 40 ಫ್ಯಾಕ್ಟರಿಗಳ ಮೇಂಟೆನೆನ್ಸ್ ಮ್ಯಾನೇಜರ್‌ಗಳು ಅವನಿಗೆ ಚೆನ್ನಾಗಿ ಪರಿಚಯ. ಈಗ ಎದುರಾಳಿ ಕಂಪನಿಯಿಂದ ಆಫರ್ ಬಂದಿದೆ. ರಾಜೀನಾಮೆ ಕೊಟ್ಟ ದಿನವೇ ಎಚ್‌ಆರ್ ಮೇಡಂ, "ನಿಮ್ಮ ಅಪಾಯಿಂಟ್‌ಮೆಂಟ್ ಲೆಟರ್ ಒಂದ್ಸಲ ಓದ್ಕೊಳ್ಳಿ" ಅಂತ ಹೇಳಿ ಹೋದರು. ಅವನಿಗೆ ರಾತ್ರಿ ನಿದ್ದೆ ಇಲ್ಲ. ಇಂಥವರು ಏನು ಮಾಡಬೇಕು, ಒಂದೊಂದಾಗಿ ನೋಡೋಣ.

ಮೊದಲು: ಲೆಟರ್ ತೆಗೆದು ಎರಡು ಷರತ್ತನ್ನು ಬೇರೆ ಮಾಡಿ

ಇವು ಸಾಮಾನ್ಯವಾಗಿ ಒಂದೇ ಪ್ಯಾರಾದಲ್ಲಿ ಅಂಟಿಕೊಂಡಿರುತ್ತವೆ. ಕೆಲವೊಮ್ಮೆ ಅಪಾಯಿಂಟ್‌ಮೆಂಟ್ ಲೆಟರ್‌ನಲ್ಲಿ ಇರುವುದೇ ಇಲ್ಲ, ಸೇರಿದ ದಿನ ಸುಮ್ನೆ ಸೈನ್ ಹಾಕಿದ ಗೋಪ್ಯತೆ ಒಪ್ಪಂದದಲ್ಲಿ ಇರುತ್ತವೆ. ಮಂಜುವಿನ ಲೆಟರ್‌ನಲ್ಲಿ ಹೀಗಿದೆ: ಬಿಟ್ಟ ಮೇಲೆ ಒಂದು ವರ್ಷ ಇದೇ ವ್ಯಾಪಾರದ ಬೇರೆ ಕಂಪನಿ ಸೇರಬಾರದು, ಒಂದು ವರ್ಷ ನಮ್ಮ ಗ್ರಾಹಕರನ್ನಾಗಲಿ ನೌಕರರನ್ನಾಗಲಿ ಸೆಳೆಯಬಾರದು.

ಮೊದಲನೆಯದು ನೀವು ಎಲ್ಲಿಗೆ ಹೋಗಬಾರದು ಅಂತ ಹೇಳುತ್ತದೆ. ಅದು ನಾನ್-ಕಂಪೀಟ್. ಎರಡನೆಯದು ಯಾರನ್ನು ಕರೆಯಬಾರದು ಅಂತ ಹೇಳುತ್ತದೆ. ಅದು ನಾನ್-ಸಾಲಿಸಿಟೇಶನ್. ಕೋರ್ಟು ಇವೆರಡನ್ನು ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ.

ಎರಡು: ನಾನ್-ಕಂಪೀಟ್‌ಗೆ ಎಷ್ಟು ಹೆದರಬೇಕು ಅಂತ ನೋಡಿ

ಕೆಲಸ ಬಿಟ್ಟ ಮೇಲಿನ ಮಾತಾದರೆ, ಹೆಚ್ಚೇನಿಲ್ಲ. 1872ರ ಕರಾರು ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ, ಯಾರನ್ನಾದರೂ ಕಾನೂನುಬದ್ಧ ವೃತ್ತಿ, ವ್ಯಾಪಾರ ಮಾಡದಂತೆ ತಡೆಯುವ ಒಪ್ಪಂದ ಆ ಮಟ್ಟಿಗೆ ಅಸಿಂಧು. ಕ್ರಿಕೆಟಿಗ ಜಹೀರ್ ಖಾನ್ ಮತ್ತು ಅವರ ವ್ಯವಹಾರ ನೋಡಿಕೊಳ್ಳುತ್ತಿದ್ದ ಕಂಪನಿಯ ನಡುವಿನ 2006ರ ಕೇಸ್‌ನಲ್ಲಿ, ಒಪ್ಪಂದ ಮುಗಿದ ಮೇಲೂ ಮುಂದುವರಿಯುವ ತಡೆ ನಿಲ್ಲುವುದಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿತು. ಒಂದು ವರ್ಷ ಅಂತ ಬರೆದಿರಲಿ, ಆರು ತಿಂಗಳು ಅಂತ ಬರೆದಿರಲಿ, "ಕಡಿಮೆ ಅವಧಿ ಅಲ್ವಾ" ಅನ್ನುವ ವಾದ ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ಆದರೆ ಜನ ಇಲ್ಲೇ ಎಡವುತ್ತಾರೆ. ಕೆಲಸದಲ್ಲಿ ಇರುವಷ್ಟು ಕಾಲ ಆ ತಡೆ ಊರ್ಜಿತ. 1967ರಲ್ಲೇ ಸುಪ್ರೀಂ ಕೋರ್ಟ್ ಇದನ್ನು ಒಪ್ಪಿದೆ. ನೋಟಿಸ್ ಪೀರಿಯಡ್ ಅಂದರೆ ಕೆಲಸದಲ್ಲಿ ಇದ್ದ ಹಾಗೇ. ಆ ಅವಧಿಯಲ್ಲಿ, ಹೇಗೂ ಬಿಟ್ಟಾಯ್ತಲ್ಲ ಅಂತ ಬಿಡದಿಯ ಮ್ಯಾನೇಜರ್‌ಗೆ ಹೊಸ ಕಂಪನಿಯ ಕೊಟೇಶನ್ ಕಳಿಸಿದರೆ ಮಂಜುವಿಗೆ 27ನೇ ಸೆಕ್ಷನ್ನಿನ ಆಸರೆ ಸಿಗುವುದಿಲ್ಲ.

ಮೂರು: ಕಸ್ಟಮರ್ ವಿಷಯದಲ್ಲಿ "ಮೊದಲು ಮಾತೆತ್ತಿದ್ದು ಯಾರು" ಅಂತ ಕೇಳಿಕೊಳ್ಳಿ

ಎರಡು ಷರತ್ತಿನ ವ್ಯತ್ಯಾಸ ಕಣ್ಣಿಗೆ ಕಾಣುವಂಥ ಕೇಸ್ ಒಂದಿದೆ. 2009ರಲ್ಲಿ ದೆಹಲಿ ಹೈಕೋರ್ಟಿಗೆ ಡೆಸಿಕಂಟ್ ರೋಟರ್ಸ್ ಎಂಬ ಕಂಪನಿ ಹೋಗಿತ್ತು. ಅದರ ಮಾರ್ಕೆಟಿಂಗ್ ಮ್ಯಾನೇಜರ್ ಒಬ್ಬರು ಕೆಲಸ ಬಿಟ್ಟು ಪ್ರತಿಸ್ಪರ್ಧಿಯ ಕಡೆ ಹೋಗಿದ್ದರು. ಎರಡು ವರ್ಷ ಸೇರಬಾರದು ಅಂತ ಅವರು ಸೈನ್ ಹಾಕಿದ್ದರು. ಹೊಸ ಕಂಪನಿಯಲ್ಲಿ ಕೆಲಸ ಮಾಡುವುದನ್ನು ತಡೆಯಲು ಕೋರ್ಟು ಒಪ್ಪಲಿಲ್ಲ. ಆದರೆ ಹಳೇ ಕಂಪನಿಯ ಗ್ರಾಹಕರು, ಸಪ್ಲೈಯರ್‌ಗಳ ಬೆನ್ನು ಬೀಳಬಾರದು ಅನ್ನುವ ತಡೆಯನ್ನು ಹಾಗೇ ಉಳಿಸಿತು. ಅದೇ ಮನುಷ್ಯ, ಅದೇ ಕಾಗದ, ಒಂದು ಷರತ್ತು ಬಿತ್ತು, ಇನ್ನೊಂದು ನಿಂತಿತು. ದೆಹಲಿಯ ತೀರ್ಪಿಗೆ ಕರ್ನಾಟಕದ ಕೋರ್ಟುಗಳು ಕಟ್ಟುಬೀಳಬೇಕಿಲ್ಲ, ಆದರೂ ವಕೀಲರು ಅದನ್ನು ಮುಂದಿಡುತ್ತಾರೆ.

ಹಾಗಾದರೆ ಸೆಳೆಯುವುದು ಅಂದರೆ ಏನು? ಮಂಜು 40 ಜನರಿಗೂ ವಾಟ್ಸ್ಆ್ಯಪ್‌ನಲ್ಲಿ "ಸಾರ್, ನಾನೀಗ ಇಲ್ಲಿದ್ದೇನೆ, ಎಎಂಸಿ ರಿನ್ಯೂವಲ್ ನಮಗೇ ಕೊಡಿ, ರೇಟ್ ಕಡಿಮೆ ಮಾಡ್ತೀನಿ" ಅಂತ ಕಳಿಸಿದರೆ ಅದು ಸೆಳೆಯುವುದೇ. ಹೊಸ ಕಂಪನಿ ಸೇರಿದೆ ಅಂತ ಲಿಂಕ್ಡ್‌ಇನ್‌ನಲ್ಲಿ ಎಲ್ಲರಿಗೂ ಕಾಣುವ ಹಾಗೆ ಒಂದು ಸಾಲು ಹಾಕಿದರೆ ಅದನ್ನು ಹಾಗೆನ್ನುವುದು ಕಷ್ಟ. ಬಿಡದಿಯವರೇ ಹುಡುಕಿಕೊಂಡು ಫೋನ್ ಮಾಡಿ, "ನಿಮ್ಮಲ್ಲಿ 50 ಎಚ್‌ಪಿ ಸ್ಕ್ರೂ ಕಂಪ್ರೆಸರ್ ಎಷ್ಟಾಗುತ್ತೆ?" ಅಂತ ಕೇಳಿದರೆ ಮೊದಲ ಹೆಜ್ಜೆ ಅವರದು. ಆಗ ಮಂಜು ಮಾಡಬೇಕಾದದ್ದು ಇಷ್ಟೇ: ವಿಚಾರಣೆಯನ್ನು ಮೇಲ್‌ನಲ್ಲಿ ಕಳಿಸಿ ಅಂತ ಕೇಳುವುದು. ಯಾರು ಮೊದಲು ಬಂದರು ಅನ್ನುವುದಕ್ಕೆ ನಾಳೆ ಆ ಮೇಲ್ ಸಾಕ್ಷಿ. ಫೋನ್ ಮಾತಿಗೆ ಸಾಕ್ಷಿ ಇರುವುದಿಲ್ಲ.

ಒಂದು ಎಚ್ಚರಿಕೆ. ಕೆಲವು ಲೆಟರ್‌ಗಳಲ್ಲಿ ಸೆಳೆಯಬಾರದು ಅಂತಷ್ಟೇ ಇರುವುದಿಲ್ಲ, ಹಳೇ ಗ್ರಾಹಕರ ಜೊತೆ ವ್ಯವಹಾರವನ್ನೇ ಮಾಡಬಾರದು, ಅವರಾಗಿ ಬಂದರೂ ಆರ್ಡರ್ ತೆಗೆದುಕೊಳ್ಳಬಾರದು ಅಂತ ಬರೆದಿರುತ್ತಾರೆ. ಊರಲ್ಲಿರುವ ಗ್ರಾಹಕರೆಲ್ಲ ಆ ಪಟ್ಟಿಯಲ್ಲೇ ಇದ್ದರೆ ಮಂಜು ಇನ್ನು ಯಾರಿಗೆ ಮಾರಬೇಕು? ಅದು ನಾನ್-ಸಾಲಿಸಿಟೇಶನ್ ಅಂಗಿ ತೊಟ್ಟ ನಾನ್-ಕಂಪೀಟ್, ಅನ್ನುವುದು ನನ್ನ ಲೆಕ್ಕ. ವಕೀಲರಿಗೆ ತೋರಿಸುವಾಗ ಆ ಸಾಲಿಗೆ ಗೆರೆ ಎಳೆದು ತೋರಿಸಿ.

ನಾಲ್ಕು: ಪಟ್ಟಿ ಬಿಟ್ಟು ಬನ್ನಿ

ತಲೆಯಲ್ಲಿರುವ ಪರಿಚಯ ಬೇರೆ, ಪೆನ್ ಡ್ರೈವ್‌ನಲ್ಲಿರುವ ಎಕ್ಸೆಲ್ ಶೀಟ್ ಬೇರೆ. ಬಿಡುವ ಹಿಂದಿನ ವಾರ ಗ್ರಾಹಕರ ರೇಟು, ಸರ್ವಿಸ್ ಡ್ಯೂ ದಿನಾಂಕ ಇರುವ ಫೈಲನ್ನು ಸ್ವಂತ ಜಿಮೇಲ್‌ಗೆ ಕಳಿಸಿಕೊಂಡರೆ ಕಂಪನಿಯ ಸರ್ವರ್‌ನಲ್ಲಿ ಅದರ ಗುರುತು ಉಳಿಯುತ್ತದೆ. ಆಮೇಲೆ ಕೇಸಿನ ದಿಕ್ಕೇ ಬೇರೆ: ಮಾತು ಸೆಳೆಯುವುದರಿಂದ ಗೋಪ್ಯ ಮಾಹಿತಿ ಕದ್ದ ಆರೋಪಕ್ಕೆ ಹೋಗುತ್ತದೆ. ವಾಪಸ್ ಕೊಟ್ಟ ಲ್ಯಾಪ್‌ಟಾಪ್, ಸಿಮ್‌ಗೆ ಒಂದು ಮೇಲ್‌ನಲ್ಲಿ ಸ್ವೀಕೃತಿ ಪಡೆದುಕೊಳ್ಳಿ.

ಐದು: ಸಹೋದ್ಯೋಗಿಗಳ ವಿಷಯ

ಇಲ್ಲಿ 2006ರ ಇನ್ನೊಂದು ಕೇಸ್ ಇದೆ, ಅದೂ ದೆಹಲಿ ಹೈಕೋರ್ಟಿನದೇ. ವಿಪ್ರೋ ಮತ್ತು ಬೆಕ್‌ಮನ್ ಕೌಲ್ಟರ್ ನಡುವೆ, ಒಬ್ಬರ ನೌಕರರನ್ನು ಇನ್ನೊಬ್ಬರು ಎರಡು ವರ್ಷ ಸೆಳೆಯಬಾರದು ಅಂತ ಒಪ್ಪಂದ ಇತ್ತು. ಅಂಥ ಷರತ್ತು 27ನೇ ಸೆಕ್ಷನ್ನಿಗೆ ಸಿಕ್ಕಿಬೀಳುವುದಿಲ್ಲ ಅಂತ ಕೋರ್ಟು ಹೇಳಿತು. ಆದರೆ ಕೆಲಸ ಬದಲಿಸುವ ನೌಕರರನ್ನು ತಡೆಯಲಿಲ್ಲ. ಅಲ್ಲಿ ಮಾತು ಬಿದ್ದದ್ದು ಕರೆದವರ ಮೇಲೆ, ಹೋದವರ ಮೇಲಲ್ಲ.

ಮಂಜುವಿಗೆ ಇದರಿಂದ ಏನು ಗೊತ್ತಾಗುತ್ತದೆ? ಹಳೇ ಟೀಮಿನ ಸರ್ವಿಸ್ ಟೆಕ್ನಿಷಿಯನ್ ತಾನಾಗಿ ಹೊಸ ಕಂಪನಿಗೆ ಅರ್ಜಿ ಹಾಕಿದರೆ ಅದು ಅವನ ಹಕ್ಕು. ಮಂಜು ಮಾತ್ರ ಹೊಸ ಎಚ್‌ಆರ್‌ಗೆ ಹೆಸರು, ನಂಬರ್, ಸಂಬಳದ ಅಂದಾಜು ಕೊಡಬಾರದು, ರೆಫರಲ್ ಬೋನಸ್ ತೆಗೆದುಕೊಳ್ಳಬಾರದು, ಆ ಇಂಟರ್‌ವ್ಯೂನಲ್ಲಿ ಕೂರಬಾರದು. ಟೀ ಅಂಗಡಿಯಲ್ಲಿ "ನೀನೂ ಬಾರೋ, ಇಲ್ಲಿ ಚೆನ್ನಾಗಿದೆ" ಅನ್ನುವುದು ಸ್ನೇಹದ ಮಾತಿರಬಹುದು, ಆದರೆ ಅದೇ ತಿಂಗಳು ನಾಲ್ಕು ಜನ ಒಟ್ಟಿಗೆ ಬಿಟ್ಟರೆ ಆ ಮಾತು ಲೀಗಲ್ ನೋಟಿಸ್‌ನಲ್ಲಿ ಕಾಣಿಸಿಕೊಳ್ಳುತ್ತದೆ.

ಆರು: ನೋಟಿಸ್ ಬಂದರೆ

ಲೆಟರ್‌ನಲ್ಲಿ "ಉಲ್ಲಂಘಿಸಿದರೆ 10 ಲಕ್ಷ" ಅಂತ ಬರೆದಿದ್ದರೂ ಪೂರ್ತಿ ಅಷ್ಟೇ ಕೊಡಬೇಕು ಅಂತೇನಿಲ್ಲ. ಅದೇ ಕರಾರು ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಆ ಮೊತ್ತ ಮಿತಿ ಮಾತ್ರ. ಅದರೊಳಗೆ ನ್ಯಾಯವೆನಿಸುವ ಪರಿಹಾರವನ್ನು ಕೋರ್ಟು ಗೊತ್ತುಮಾಡುತ್ತದೆ. ನೋಟಿಸ್ ಓದಿ ಮೂಲೆಗೆ ಇಡಬೇಡಿ. ಯಾವ ಗ್ರಾಹಕ, ಯಾವ ದಿನ, ಏನು ಕಳಿಸಿದೆ ಅನ್ನುತ್ತೀರಿ ಅಂತ ವಕೀಲರ ಮೂಲಕ ಕೇಳಿ. ಹಾಗೆ ಕೇಳಿದ ಮೇಲೆ ಎಷ್ಟೋ ನೋಟಿಸ್‌ಗಳು ಅಲ್ಲಿಗೇ ತಣ್ಣಗಾಗುತ್ತವೆ.

ನಿಮ್ಮ ಮಾತು ಕೇಳದೆಯೇ ತಡೆಯಾಜ್ಞೆ ತಂದುಬಿಟ್ಟಾರು ಅನ್ನುವ ಭಯ ಇದ್ದರೆ ಮೊದಲೇ ಕೇವಿಯಟ್ ಹಾಕಿಸಿ, ಅಂದರೆ ನನ್ನ ಮಾತು ಕೇಳದೆ ಆದೇಶ ಕೊಡಬೇಡಿ ಅಂತ ಕೋರ್ಟಿಗೆ ಕೊಡುವ ಅರ್ಜಿ. 90 ದಿನದ ತನಕ ಅದಕ್ಕೆ ಬೆಲೆ, ಬೇಕಾದರೆ ಮತ್ತೆ ಹಾಕಬೇಕು. ಆದರೆ ಹಾಕುವ ಮುನ್ನ ಲೆಟರ್‌ನ ಕೊನೆಯ ಪುಟ ನೋಡಿ. ವ್ಯಾಜ್ಯ ಯಾವ ಊರಿನ ಕೋರ್ಟಿನಲ್ಲಿ ಅಂತ ಅಲ್ಲಿ ಬರೆದಿರುತ್ತದೆ. ಮುಂಬೈ ಅಂತ ಇದ್ದರೆ ಬೆಂಗಳೂರಿನಲ್ಲಿ ಹಾಕಿದ ಕೇವಿಯಟ್ ಅಲ್ಲಿಗೆ ಲೆಕ್ಕಕ್ಕೆ ಬರುವುದಿಲ್ಲ.