‘ಗ್ಯಾರಂಟಿ ಲಾಭ’ ಅಳಿಸಿ ಲೆಕ್ಕ ಬರೆದೆ: ಒಂದು ಫ್ರಾಂಚೈಸಿ ಬ್ರೋಷರ್‌ನ ಅನುಭವ

‘ಏನ್ರೀ, ಇದನ್ನ ಓದಿ ಯಾರ್ರೀ ದುಡ್ಡು ಹಾಕ್ತಾರೆ?’ ಮೂರನೇ ಸಲ ಬರೆದುಕೊಟ್ಟ ಬ್ರೋಷರ್ ನೋಡಿ ನಮ್ಮ ಕಂಪನಿಯ ಯಜಮಾನರು ಕೇಳಿದ್ದು ಇಷ್ಟೇ. ಅದೇ ಬ್ರೋಷರ್ ಓದಿ ಈಗ ಮೂರು ಜನ ಮಳಿಗೆ ಹಾಕಿದ್ದಾರೆ. ಒಬ್ಬರೂ ಜಗಳಕ್ಕೆ ಬಂದಿಲ್ಲ. ಈ ಕೆಲಸ ಮಾಡುವವರಿಗೆ ಉಪಯೋಗಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ. ಅಂಕಿಗಳೆಲ್ಲ ನೆನಪಿನಿಂದ, ಹೆಚ್ಚುಕಡಿಮೆ.

ನಮ್ಮದು ಮೈಸೂರಿನ ತಿಂಡಿ-ಕಾಫಿ ಬ್ರ್ಯಾಂಡ್. ಹಳೇ ಬ್ರೋಷರ್‌ನ ಮೊದಲ ಪುಟದಲ್ಲೇ ದಪ್ಪಕ್ಷರದಲ್ಲಿ ಇದ್ದದ್ದು: ‘12 ಲಕ್ಷ ಹಾಕಿ, 12 ತಿಂಗಳಲ್ಲಿ ವಾಪಸ್ ಪಡೆಯಿರಿ. ತಿಂಗಳಿಗೆ 1 ಲಕ್ಷ ಗ್ಯಾರಂಟಿ ಲಾಭ!’ ಮೊದಲ ಸಲ ನಾನು ಮಾಡಿದ್ದು ಎಲ್ಲರೂ ಮಾಡುವುದನ್ನೇ. ‘ಗ್ಯಾರಂಟಿ’ ತೆಗೆದು ‘1 ಲಕ್ಷದವರೆಗೆ’ ಅಂತ ಹಾಕಿ, ಒಂದು ನಕ್ಷತ್ರ ಚಿಹ್ನೆ ಇಟ್ಟು, ಕೆಳಗೆ ಸಣ್ಣಕ್ಷರದಲ್ಲಿ ‘ಷರತ್ತು ಅನ್ವಯ’ ಎಂದೆ. ಮಂಡ್ಯದ ಒಬ್ಬ ನಿವೃತ್ತ ಮೇಷ್ಟ್ರು ಅದನ್ನು ನಂಬಿ ಪಿಂಚಣಿಯ ಇಡಿಗಂಟು ಹಾಕಿದರು. ಹದಿನಾಲ್ಕು ತಿಂಗಳಿಗೆ ಅಂಗಡಿ ಮುಚ್ಚಿ, ಬ್ರೋಷರ್ ಹಿಡಿದುಕೊಂಡು ಆಫೀಸಿಗೆ ಬಂದರು. ‘1 ಲಕ್ಷ’ದ ಕೆಳಗೆ ಕೆಂಪು ಪೆನ್ನಿನಲ್ಲಿ ಎರಡು ಗೆರೆ ಎಳೆದಿದ್ದರು, ‘ವರೆಗೆ’ ಅನ್ನುವುದರ ಕೆಳಗೆ ಗೆರೆ ಇರಲಿಲ್ಲ. ‘ಇದು ನೀವೇ ಬರೆದದ್ದಲ್ವೇನಪ್ಪ?’ ಅಂದರು. ಹೌದು ಅನ್ನುವುದು ಬಿಟ್ಟು ನನ್ನ ಹತ್ತಿರ ಬೇರೆ ಉತ್ತರ ಇರಲಿಲ್ಲ. ಆ ಹಾಳೆಯ ಜೆರಾಕ್ಸ್ ಇವತ್ತಿಗೂ ನನ್ನ ಮೇಜಿನ ಗಾಜಿನ ಕೆಳಗಿದೆ.

ಆಮೇಲೆ ಆ 1 ಲಕ್ಷ ಎಲ್ಲಿಂದ ಬಂತು ಅಂತ ಹುಡುಕಿದೆ. ಸರಸ್ವತಿಪುರದಲ್ಲಿ ಕಂಪನಿಯೇ ನಡೆಸುವ ಮಳಿಗೆ, ಅದರ ದಸರಾ ತಿಂಗಳ ಲೆಕ್ಕ. ಕಟ್ಟಡ ಯಜಮಾನರದ್ದೇ, ಹಾಗಾಗಿ ಬಾಡಿಗೆ ಇಲ್ಲ. ಗಲ್ಲಾದಲ್ಲಿ ಅವರ ತಮ್ಮ ಕೂರುತ್ತಿದ್ದರು, ಅವರಿಗೆ ಸಂಬಳ ಇಲ್ಲ. ಫ್ರಾಂಚೈಸಿಯವರು ವ್ಯಾಪಾರದಲ್ಲಿ ಕಂಪನಿಗೆ ಕೊಡುವ ಪಾಲು, ಅಂದರೆ ರಾಯಲ್ಟಿ, ಅಂತೂ ಇಲ್ಲವೇ ಇಲ್ಲ. ಇನ್ನೊಂದು ಕಡೆ ‘ತಿಂಗಳಿಗೆ 5 ಲಕ್ಷ ವ್ಯಾಪಾರ’ ಅಂತ ಇತ್ತು. ಅದು ಮದ್ದೂರಿನ ಹಳೇ ಹೆದ್ದಾರಿ ಬದಿಯ ಮಳಿಗೆಯದು. ಅಂಕಿ ಸುಳ್ಳಲ್ಲ, ಬಿಲ್ಲುಗಳೂ ಇದ್ದವು. ಆದರೆ 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ದಶಪಥ ಉದ್ಘಾಟನೆಯಾಗಿ ಕಾರುಗಳೆಲ್ಲ ಬೈಪಾಸ್ ಹಿಡಿದವು, ವ್ಯಾಪಾರ ಅರ್ಧಕ್ಕಿಂತ ಕೆಳಗಿಳಿಯಿತು, ಮಳಿಗೆಯೂ ಮುಚ್ಚಿತು. ಬ್ರೋಷರ್‌ನಲ್ಲಿ ಮಾತ್ರ ಅದರ ಫೋಟೋ ಹಾಗೇ ನಗುತ್ತಿತ್ತು. ಪ್ರತಿ ಅಂಕಿಯ ಪಕ್ಕ ‘ಯಾವ ತಿಂಗಳಿಂದ ಯಾವ ತಿಂಗಳವರೆಗೆ’ ಅಂತ ಬರೆಯದೆ ಇರಬಾರದು ಅನ್ನುವುದು ನನಗೆ ಅಲ್ಲಿ ಹೊಳೆದದ್ದು.

ನಮ್ಮಲ್ಲಿ ಫ್ರಾಂಚೈಸಿಗೇ ಅಂತ ಪ್ರತ್ಯೇಕ ಕಾನೂನಿಲ್ಲ. ತಪ್ಪು ಮಾಹಿತಿ ಕೊಟ್ಟು ಮಾಡಿಸಿದ ಕರಾರನ್ನು 1872ರ ಕರಾರು ಕಾಯ್ದೆಯಡಿ ರದ್ದು ಮಾಡಿಸಬಹುದು, ಆದರೆ ಅಷ್ಟು ಹೊತ್ತಿಗೆ ದುಡ್ಡು ಹೋಗಿರುತ್ತದೆ. ಅಮೆರಿಕದಲ್ಲಿ ಸಹಿಗೆ 14 ದಿನ ಮೊದಲೇ ಮಾಹಿತಿ ಪತ್ರ ಕೊಡಬೇಕು. ಅದರಲ್ಲಿ ಆದಾಯದ ಮಾತು ಹೇಳುವುದಾದರೆ 19ನೇ ಬಾಬಿನಲ್ಲೇ ಹೇಳಬೇಕು, ಅದಕ್ಕೆ ಆಧಾರ ಇಟ್ಟುಕೊಂಡಿರಬೇಕು. ಆ ಬಾಬನ್ನೇ ಮಾದರಿಯಾಗಿಟ್ಟುಕೊಂಡೆ.

ಎರಡನೇ ಸಲ ಅತಿಗೆ ಹೋಯಿತು. ನಾಲ್ಕು ಪುಟ ಕೋಷ್ಟಕ ಹಾಕಿಸಿದೆ, ಪ್ರಿಂಟಿಗೇ 22 ಸಾವಿರ ಹೋಯಿತು, ಯಾರೂ ಓದಲಿಲ್ಲ.

ಮೂರನೇ ಸಲ ಮೊದಲು ಲೆಕ್ಕ ಜಾಲಾಡಿದೆ. ಬಿಲ್ಲಿಂಗ್ ಮಷಿನ್ನಿನ ದಿನದ ವರದಿ ಒಂದನ್ನೇ ನಂಬಬೇಡಿ. ಅದನ್ನು ಮಳಿಗೆಯವರು ಸಲ್ಲಿಸುವ ಜಿಎಸ್‌ಟಿ ರಿಟರ್ನ್ ಜಿಎಸ್‌ಟಿಆರ್-3ಬಿ ಜೊತೆ ತಾಳೆ ನೋಡಿ. ಆ್ಯಪ್‌ನಲ್ಲಿ ಹೋದ ಪಾರ್ಸೆಲ್ ವ್ಯಾಪಾರದ ತೆರಿಗೆಯನ್ನು ಆ್ಯಪ್‌ನವರೇ ಕಟ್ಟುವುದರಿಂದ ಅದು ರಿಟರ್ನ್‌ನಲ್ಲಿ 3.1.1ನೇ ಕೋಷ್ಟಕದಲ್ಲಿ ಬೇರೆಯಾಗಿ ಬರುತ್ತದೆ. ನಾನು ಮೊದಲು ಅದನ್ನು ಬಿಟ್ಟು ಒಬ್ಬರ ವ್ಯಾಪಾರವನ್ನು ಐದನೇ ಒಂದು ಭಾಗ ಕಡಿಮೆ ತೋರಿಸಿಬಿಟ್ಟಿದ್ದೆ.

ನನ್ನದೇ ಒಂದು ಪ್ರಯೋಗ ಕಾಫಿಪುಡಿಯದು. ನಮ್ಮ ಅಳತೆಯಲ್ಲಿ ಕೆಜಿ ಪುಡಿಗೆ ಸುಮಾರು 100 ಲೋಟ. ಗೋದಾಮಿನಿಂದ ತಿಂಗಳಿಗೆ 70 ಕೆಜಿ ಒಯ್ದ ಕುವೆಂಪುನಗರದ ಮಳಿಗೆ 5,200 ಲೋಟಕ್ಕೆ ಮಾತ್ರ ಬಿಲ್ ಹಾಕಿತ್ತು. ರಾಯಲ್ಟಿ ಉಳಿಸಲು ಬಿಲ್ ಹಾಕದೆ ಮಾರಿದ್ದರು. ಆ ವ್ಯಾಪಾರ ಇದ್ದದ್ದು ನಿಜ, ಆದರೂ ಪುರಾವೆ ಇಲ್ಲದ್ದನ್ನು ನಾನು ಸೇರಿಸಲಿಲ್ಲ. ಹಾಲಿನಿಂದ ಇದನ್ನೇ ಇನ್ನೂ ನಿಖರವಾಗಿ ಹಿಡಿಯುವ ದಾರಿಯೊಂದಿದೆ, ಅದನ್ನು ಇಲ್ಲಿ ಹೇಳುವುದಿಲ್ಲ.

ವರ್ಷ ತುಂಬಿದ ಆರು ಫ್ರಾಂಚೈಸಿ ಮಳಿಗೆಗಳ ತಿಂಗಳ ವ್ಯಾಪಾರ, ಜಿಎಸ್‌ಟಿ ಬಿಟ್ಟು, ಲಕ್ಷದಲ್ಲಿ: 6.1, 4.0, 3.6, 3.2, 2.9, 2.4. ಸರಾಸರಿ 3.7. ಯಜಮಾನರಿಗೆ ಸರಾಸರಿ ಹಾಕುವ ಆಸೆ. ಆದರೆ ಆ ಸರಾಸರಿಯನ್ನು ಮೇಲಕ್ಕೆತ್ತಿದ್ದು ಒಂದೇ ಮಳಿಗೆ. ಆರರಲ್ಲಿ ನಾಲ್ಕು ಅದರ ಕೆಳಗೇ ಇವೆ. ಹಾಗಾಗಿ ಸಾಲಿನ ನಡುವಿನ 3.4 ಲಕ್ಷ ಹಿಡಿದೆ.

ಅದರಲ್ಲಿ ಸಾಮಾನಿಗೆ 1.22 ಲಕ್ಷ, ನಾಲ್ಕು ಜನರ ಸಂಬಳ 70 ಸಾವಿರ, ಬಾಡಿಗೆ 28, ಗ್ಯಾಸು-ಕರೆಂಟು 20, ಆ್ಯಪ್ ಕಮಿಷನ್ನು ಪ್ಯಾಕಿಂಗ್ 22, ರಿಪೇರಿ ಇತ್ಯಾದಿ 9. ರಾಯಲ್ಟಿ ಶೇ 6 ಅಂದರೆ 20 ಸಾವಿರ ಚಿಲ್ಲರೆ, ಅದರ ಮೇಲೆ ಶೇ 18 ಜಿಎಸ್‌ಟಿ ಸೇರಿ 24. ಹೋಟೆಲಿನವರು ಶೇ 5ರ ತೆರಿಗೆಯಲ್ಲಿರುವಾಗ ಈ ಜಿಎಸ್‌ಟಿ ಇನ್‌ಪುಟ್ ಆಗಿ ವಾಪಸ್ ಸಿಗುವುದಿಲ್ಲ, ಪೂರ್ತಿ ಖರ್ಚೇ. ನಾನು ನೋಡಿದ ಯಾವ ಬ್ರೋಷರ್‌ನಲ್ಲೂ ಇದು ಇರಲಿಲ್ಲ. ಉಳಿಯುವುದು 45 ಸಾವಿರ, ಅದೂ ಮಾಲೀಕರೇ ಗಲ್ಲಾದಲ್ಲಿ ಕೂತರೆ. 18 ಸಾವಿರಕ್ಕೆ ಮ್ಯಾನೇಜರ್ ಇಟ್ಟರೆ 27.

ಹಾಕುವ ಹಣವೂ ಬರೀ 12 ಲಕ್ಷ ಅಲ್ಲ. ಅದರ ಮೇಲೆ ಅಂಗಡಿ ಅಡ್ವಾನ್ಸ್ 2.5 ಲಕ್ಷ, 3 ಲಕ್ಷದ ಫ್ರಾಂಚೈಸಿ ಶುಲ್ಕದ ಮೇಲಿನ ಜಿಎಸ್‌ಟಿ 54 ಸಾವಿರ, ಲೈಸೆನ್ಸು-ಡಿಪಾಸಿಟ್ 40 ಸಾವಿರ, ಮೊದಲ ತಿಂಗಳುಗಳ ಕೈಖರ್ಚಿಗೆ 1.5 ಲಕ್ಷ. ಒಟ್ಟು 17 ಲಕ್ಷದ ಹತ್ತಿರ. ಅಡ್ವಾನ್ಸ್ ಮುಂದೆ ವಾಪಸ್ ಬರುತ್ತದೆ, ಆದರೆ ಅಲ್ಲಿಯವರೆಗೆ ದುಡ್ಡು ಸಿಕ್ಕಿಹಾಕಿಕೊಂಡಿರುತ್ತದೆ. ಹಾಕಿದ ಹಣ ವಾಪಸ್ ಬರಲು ತಾವೇ ಕೂತರೆ 38 ತಿಂಗಳು, ಮ್ಯಾನೇಜರ್ ಇಟ್ಟರೆ 63.

ಕೊನೆಗೆ ಮೊದಲ ಪುಟದಲ್ಲಿ ಹೋದದ್ದು ಇದು: ‘ಈವರೆಗೆ 11 ಮಳಿಗೆ ತೆರೆದಿದ್ದೇವೆ. 2 ಮುಚ್ಚಿವೆ, 2 ನಮ್ಮವೇ. ವರ್ಷ ತುಂಬಿದ 6 ಫ್ರಾಂಚೈಸಿ ಮಳಿಗೆಗಳ ತಿಂಗಳ ವ್ಯಾಪಾರ ಕಳೆದ ಏಪ್ರಿಲ್‌ನಿಂದ ಮಾರ್ಚ್‌ವರೆಗೆ 2.4ರಿಂದ 6.1 ಲಕ್ಷ, ಮೂರು ಮಳಿಗೆ 3.4 ಲಕ್ಷಕ್ಕಿಂತ ಕೆಳಗಿವೆ. ಹಾಕಿದ ಹಣ ಪೂರ್ತಿ ವಾಪಸ್ ಪಡೆದವರು ಈವರೆಗೆ ಒಬ್ಬರು, 22 ತಿಂಗಳಲ್ಲಿ. ಬಿಲ್ಲು, ರಿಟರ್ನ್ ನಮ್ಮ ಆಫೀಸಿನಲ್ಲಿ ನೋಡಬಹುದು.’ ಅದರ ಕೆಳಗೆ ಮೇಲಿನ ಖರ್ಚಿನ ಪಟ್ಟಿ. ಮಳಿಗೆ ಮಾಲೀಕರ ಹೆಸರಿಲ್ಲದೆ, ಅವರಿಂದ ಬರೆಸಿಕೊಂಡ ಒಪ್ಪಿಗೆಯ ಮೇಲೆ.

ಕಮಿಷನ್ ಏಜೆಂಟ್ ಒಬ್ಬ ಇದನ್ನು ಹಂಚಲೂ ಒಪ್ಪಲಿಲ್ಲ. ಹಾಗಾಗಿ ಎರಡು ತಿಂಗಳು ಎರಡನ್ನೂ ಓಡಿಸಿದೆವು: ಅವನ ಕೈಲಿ ಹಳೆಯದು, ನಮ್ಮ ಕೈಲಿ ಹೊಸದು. ಹಳೆಯದಕ್ಕೆ ನಲವತ್ತರಷ್ಟು ಫೋನ್ ಬಂದವು, ಇಬ್ಬರು ಸಹಿ ಮಾಡಿದರು, ಅವರಲ್ಲಿ ಒಬ್ಬರು ತಿಂಗಳೊಳಗೆ ಹಣ ವಾಪಸ್ ಕೇಳಿದರು. ಹೊಸದಕ್ಕೆ ಹದಿನೈದೇ ಫೋನ್, ಸಹಿ ಮೂರು. ಆ ಮೂವರೂ ಆಫೀಸಿಗೆ ಬಂದು ರಿಟರ್ನ್ ಫೈಲು ತಿರುವಿ ನೋಡಿದವರು. ಒಬ್ಬರಂತೂ ಮುಚ್ಚಿದ ಎರಡು ಮಳಿಗೆಯವರ ನಂಬರ್ ಕೇಳಿದರು. ಮೇಷ್ಟ್ರನ್ನು ಕೇಳಿಯೇ ಅವರ ನಂಬರ್ ಕೊಟ್ಟೆ. ಇಬ್ಬರೂ ಮಂಡ್ಯದಲ್ಲಿ ಒಂದು ಗಂಟೆ ಮಾತಾಡಿದರಂತೆ. ಮಾರನೇ ವಾರ ಬಂದವರು, ಬಾಡಿಗೆ 28 ಸಾವಿರ ದಾಟದ ಅಂಗಡಿ ಸಿಕ್ಕರೆ ಮಾತ್ರ ಸಹಿ ಅಂದರು. ವಿಜಯನಗರದಲ್ಲಿ 26ಕ್ಕೆ ಸಿಕ್ಕಿತು.