ಕಾದಂಬರಿಯನ್ನು ಆಡಿಯೊ ಪುಸ್ತಕವಾಗಿ ಓದುವುದು ಹೇಗೆ?

ಕನ್ನಡ ಕಾದಂಬರಿಯನ್ನು ಧ್ವನಿಮುದ್ರಣಕ್ಕಾಗಿ ಓದಲು ಕುಳಿತವರಿಗೆ ಮೊದಲ ತೊಡಕು ನಮ್ಮ ವಾಕ್ಯರಚನೆಯಿಂದಲೇ ಬರುತ್ತದೆ. ಪಾತ್ರದ ಮಾತು ಮೊದಲು ಬರುತ್ತದೆ. ‘ಎಂದಳು’, ‘ಎಂದು ಗದರಿದ’, ‘ಎಂದು ಮೆಲ್ಲಗೆ ಕೇಳಿದರು’ ಎಂಬುದೆಲ್ಲ ಮಾತು ಮುಗಿದ ಮೇಲೆ ಬರುತ್ತದೆ. ಪುಟವನ್ನು ಕಣ್ಣಿನಿಂದ ಓದುವವರು ಸಾಲಿನ ಕೊನೆಯನ್ನು ಮೊದಲೇ ನೋಡಿಬಿಡಬಹುದು, ಕೇಳುಗರಿಗೆ ಆ ಅನುಕೂಲವಿಲ್ಲ. ಆದ್ದರಿಂದ ಮಾತಿನ ಮೊದಲ ಪದದಲ್ಲಿಯೇ ಅದು ಯಾರ ಮಾತು, ಯಾವ ಭಾವದ ಮಾತು ಎಂಬುದು ತಿಳಿಯಬೇಕು. ಪಾತ್ರಕ್ಕೊಂದು ಧ್ವನಿ ಬೇಕಾಗುವುದು ಈ ಕಾರಣಕ್ಕೆ. ರಂಜನೆಯ ಮಾತು ಆಮೇಲಿನದು.

ಒಂದು ಸಣ್ಣ ಸಂದರ್ಭವನ್ನು ತೆಗೆದುಕೊಳ್ಳೋಣ. ನಿವೃತ್ತ ಮೇಷ್ಟ್ರು ರಾಘವಯ್ಯ, ಅವರ ಮಗ ಸುರೇಶ, ಹೆಂಡತಿ ಗೌರಮ್ಮ ಮನೆಯಲ್ಲಿದ್ದಾರೆ.

“ಬಸ್ಸು ಹೋಯ್ತೇನೋ?”
“ಹೋಗಿ ಅರ್ಧ ಗಂಟೆ ಆಯ್ತಪ್ಪ.”
“ಬೇಗ ಹೊರಡಿ ಅಂತ ಬೆಳಗ್ಗೆಯಿಂದ ಬಡ್ಕೊಂಡೆ” ಎಂದು ಗೌರಮ್ಮ ಅಡುಗೆಮನೆಯಿಂದಲೇ ಕೂಗಿದಳು.

ಮೊದಲ ಎರಡು ಸಾಲುಗಳಲ್ಲಿ ಮಾತಾಡಿದವರ ಹೆಸರೇ ಇಲ್ಲ. ಮೂರನೆಯದು ಕೂಗಿದ ಮಾತು ಎಂಬುದು ಕಡೆಯ ಪದ ಬರುವವರೆಗೆ ಗೊತ್ತಾಗುವುದಿಲ್ಲ. ಸಿದ್ಧತೆಯಿಲ್ಲದೆ ಓದಿದರೆ ಗೌರಮ್ಮನ ಮಾತನ್ನು ಸಾಧಾರಣ ದನಿಯಲ್ಲಿ ಹೇಳಿ, ‘ಕೂಗಿದಳು’ ಎಂಬಲ್ಲಿಗೆ ಬಂದಾಗ ನಿಲ್ಲಿಸಿ ಮತ್ತೆ ಓದಬೇಕಾಗುತ್ತದೆ.

ಆದ್ದರಿಂದ ಮೈಕಿನ ಮುಂದೆ ಕೂರುವ ಮೊದಲು ಕಾದಂಬರಿಯನ್ನು ಕೊನೆಯವರೆಗೆ ಓದಿರಲೇಬೇಕು. ಮೂವತ್ತನೆಯ ಅಧ್ಯಾಯದಲ್ಲಿ ‘ಅವನ ಹುಟ್ಟುತೊದಲು’ ಎಂಬ ಮಾತು ಬಂದರೆ, ಅಲ್ಲಿಯವರೆಗೆ ಆ ಪಾತ್ರವನ್ನು ನಿರರ್ಗಳವಾಗಿ ಓದಿದ್ದೆಲ್ಲ ವ್ಯರ್ಥವಾಗುತ್ತದೆ. ಎರಡನೆಯ ಓದಿನಲ್ಲಿ ಪ್ರತಿ ಮಾತಿನ ಎಡಬದಿಗೆ ಪಾತ್ರದ ಮೊದಲಕ್ಷರವನ್ನೂ, ಕೂಗು, ಪಿಸುಮಾತು, ಅಳು ಮುಂತಾದ ಸೂಚನೆಯನ್ನೂ ಪೆನ್ಸಿಲ್ಲಿನಲ್ಲಿ ಬರೆದುಕೊಳ್ಳಬೇಕು. ಟ್ಯಾಬ್ಲೆಟ್ಟಿನಲ್ಲಿ ಓದುವವರು ಪಾತ್ರಕ್ಕೊಂದು ಬಣ್ಣ ಹಚ್ಚಬಹುದು. ಊರಿನ ಹೆಸರು, ಮನೆತನದ ಹೆಸರು, ಸಂಸ್ಕೃತ ಉದ್ಧರಣೆಗಳ ಉಚ್ಚಾರವನ್ನು ಲೇಖಕರಿಂದಲೋ ಆ ಊರಿನವರಿಂದಲೋ ಆಗಲೇ ಕೇಳಿ ತಿಳಿದುಕೊಂಡಿರಬೇಕು.

ಪಾತ್ರಗಳ ಧ್ವನಿ

ಹೊಸಬರು ಪಾತ್ರಗಳನ್ನು ಬೇರ್ಪಡಿಸಲು ಸಾಮಾನ್ಯವಾಗಿ ಶ್ರುತಿಯೊಂದನ್ನೇ ನೆಚ್ಚಿಕೊಳ್ಳುತ್ತಾರೆ: ಮುದುಕನಿಗೆ ಗಡಸು ದನಿ, ಹೆಂಗಸಿಗೆ ತೆಳು ದನಿ, ಮಗುವಿಗೆ ಕೀರಲು ದನಿ. ಹತ್ತು ನಿಮಿಷದ ನಾಟಕಕ್ಕೆ ಇದು ಹೇಗೋ ಸಾಕಾದೀತು. ಹತ್ತು ಗಂಟೆಯ ಪುಸ್ತಕದಲ್ಲಿ ಮಾತ್ರ ಕೇಳುಗರಿಗೆ ಬೇಸರ ಬರುತ್ತದೆ, ಓದುವವರ ಗಂಟಲು ಕೆಡುತ್ತದೆ, ಅಳುವಾಗಲೂ ಸಿಟ್ಟಾಗುವಾಗಲೂ ಆ ದನಿ ಕೈಕೊಡುತ್ತದೆ. ಶ್ರುತಿಯನ್ನು ನಿಮ್ಮ ಸಹಜ ಮಾತಿಗಿಂತ ತುಸುವೇ ಮೇಲೆ ಕೆಳಗೆ ಮಾಡಿ, ಉಳಿದ ವ್ಯತ್ಯಾಸವನ್ನು ಮಾತಿನ ವೇಗ, ಪದಗಳ ನಡುವಿನ ಬಿಡುವು, ಉಸಿರಿನ ಪ್ರಮಾಣ ಮತ್ತು ಸಾಲಿನ ಕೊನೆಯನ್ನು ಮುಗಿಸುವ ರೀತಿಯಲ್ಲಿ ತರುವುದು ನನ್ನ ದೃಷ್ಟಿಯಲ್ಲಿ ಸರಿಯಾದ ದಾರಿ.

ರಾಘವಯ್ಯ ಜೀವಮಾನವಿಡೀ ತರಗತಿಯಲ್ಲಿ ಮಾತಾಡಿದವರು. ಅವರ ಪದಗಳು ಬಿಡಿಬಿಡಿಯಾಗಿರಲಿ, ಪ್ರಶ್ನೆಯ ಕೊನೆಯ ‘ನೋ’ ಪೂರ್ತಿ ಕೇಳಿಸಲಿ, ದನಿ ಎದೆಯಿಂದ ಬರಲಿ. ಸುರೇಶ ಉತ್ತರ ಕೊಡಲು ಅರೆಕ್ಷಣ ತಡಮಾಡುತ್ತಾನೆ, ‘ಆಯ್ತಪ್ಪ’ ಎಂಬುದು ಉಸಿರಿನಲ್ಲಿ ಕರಗುತ್ತದೆ. ಗೌರಮ್ಮನ ಮಾತು ವೇಗವಾಗಿ ಹೊರಟು ‘ಬೆಳಗ್ಗೆಯಿಂದ’ ಎಂಬಲ್ಲಿ ಎಳೆದುಕೊಳ್ಳುತ್ತದೆ. ಮೂವರ ಶ್ರುತಿಯೂ ಹೆಚ್ಚುಕಡಿಮೆ ಒಂದೇ ಆಗಿದ್ದರೂ ಈಗ ಯಾರದು ಯಾರ ಮಾತೆಂದು ಸಂಶಯ ಉಳಿಯುವುದಿಲ್ಲ. ಗಂಡು ದನಿಯವರು ಗೌರಮ್ಮನನ್ನು ಓದುವಾಗ ಕಳ್ಳದನಿ ತೆಗೆಯಬೇಕಾಗಿಲ್ಲ. ಎದೆಯ ಭಾರವನ್ನು ಇಳಿಸಿ ಮಾತನ್ನು ತುಟಿಯ ಹತ್ತಿರ ತಂದರೆ ಸಾಕು.

ಕೂಗನ್ನು ನಿಜವಾಗಿ ಕೂಗಬಾರದು. ಮುದ್ರಣದ ಮಟ್ಟ ಮೇರೆ ಮೀರಿ ಒಡೆದ ದನಿಯನ್ನು ಸರಿಪಡಿಸುವುದು ಬಹಳ ಕಷ್ಟ. ಮೈಕಿನಿಂದ ಮುಖವನ್ನು ಸ್ವಲ್ಪ ಪಕ್ಕಕ್ಕೆ ತಿರುಗಿಸಿ, ತುಸು ಹಿಂದೆ ಸರಿದು, ಸ್ವರಗಳನ್ನು ಉದ್ದ ಮಾಡಿ, ಕೂಗಿನ ಲಯವನ್ನು ಅರ್ಧ ಬಲದಲ್ಲಿ ಹೇಳಿದರೆ, ಕೇಳುಗರ ಕಿವಿಗೆ ಅಡುಗೆಮನೆಯಿಂದ ಬಂದ ಕೂಗಾಗಿಯೇ ತಲುಪುತ್ತದೆ.

ಪ್ರಾದೇಶಿಕ ಮಾತಿನ ವಿಷಯದಲ್ಲಿ ಎಚ್ಚರ ಬೇಕು. ಧಾರವಾಡದ ಅಥವಾ ಕುಂದಾಪುರದ ಕನ್ನಡವನ್ನು ಲೇಖಕರೇ ಸಂಭಾಷಣೆಯಲ್ಲಿ ಬರೆದಿದ್ದರೆ ಅದರ ಏರಿಳಿತವನ್ನು ಆ ಕಡೆಯವರಿಂದ ಓದಿಸಿ, ಮುದ್ರಿಸಿಕೊಂಡು ಕಲಿಯಬೇಕು. ಬರೆದಿಲ್ಲವಾದರೆ ನಾವಾಗಿ ಸೇರಿಸಬಾರದು. ಅರೆಬರೆ ಅನುಕರಣೆ ಆ ಊರಿನ ಕೇಳುಗರಿಗೆ ಅಣಕದಂತೆ ಕೇಳಿಸುತ್ತದೆ.

ಧ್ವನಿಗಳು ನಿಶ್ಚಯವಾದ ಮೇಲೆ ಪ್ರತಿ ಪಾತ್ರದ ಇಪ್ಪತ್ತು ಸೆಕೆಂಡಿನ ಮಾತನ್ನು ಪ್ರತ್ಯೇಕ ಕಡತವಾಗಿ ಮುದ್ರಿಸಿ, ಪಾತ್ರದ ಹೆಸರಿನಲ್ಲಿ ಉಳಿಸಿಕೊಳ್ಳಿ. ನಾಲ್ಕನೆಯ ಅಧ್ಯಾಯದಲ್ಲಿ ಬಂದುಹೋದ ಅಂಚೆಯವನು ಇಪ್ಪತ್ತೊಂದನೆಯದರಲ್ಲಿ ಮತ್ತೆ ಬಂದಾಗ ನೆನಪನ್ನು ನಂಬುವಂತಿಲ್ಲ.

ಗತಿ

ಗತಿಯ ವಿಷಯದಲ್ಲಿಯೂ ತೊಡಕು ವಾಕ್ಯದ ಕೊನೆಯಲ್ಲಿದೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಬಂದದ್ದು ಅವನೋ ಅವಳೋ, ಬಂದರೋ ಬಾರರೋ ಎಂಬುದು ಅದರ ಕಡೆಯ ಅಕ್ಷರದಲ್ಲಿರುತ್ತದೆ. ಓದುವವರ ಉಸಿರು ಮುಗಿಯುವುದೂ ಅಲ್ಲಿಯೇ. ಈ ವಾಕ್ಯವನ್ನು ಗಟ್ಟಿಯಾಗಿ ಓದಿ ನೋಡಿ:

‘ಮಳೆ ನಿಂತ ಮೇಲೆ ಅಂಗಳದ ಕೆಸರನ್ನು ದಾಟಿ, ಒದ್ದೆ ಛತ್ರಿಯನ್ನು ಜಗಲಿಯ ಮೇಲೆ ಬಿಚ್ಚಿಟ್ಟು, ಒಳಗಿನ ಮಾತು ಕೇಳಿಸೀತೇ ಎಂದು ಒಂದು ಕ್ಷಣ ನಿಂತು, ಬಾಗಿಲು ತಟ್ಟದೆಯೇ ಹಿಂದಿರುಗಿದಳು.’

ಒಂದೇ ಉಸಿರಿನಲ್ಲಿ ಓದಿದರೆ ‘ಹಿಂದಿರುಗಿದಳು’ ನುಂಗಿಹೋಗುತ್ತದೆ. ಪ್ರತಿ ಅಲ್ಪವಿರಾಮಕ್ಕೂ ನಿಂತರೆ ವಾಕ್ಯ ಪಟ್ಟಿಯಂತಾಗುತ್ತದೆ. ‘ಬಿಚ್ಚಿಟ್ಟು’ ಎಂಬಲ್ಲಿ ಒಂದು ಪೂರ್ಣ ಉಸಿರು, ‘ನಿಂತು’ ಎಂಬಲ್ಲಿ ಒಂದು ಸಣ್ಣ ಉಸಿರು ತೆಗೆದುಕೊಂಡರೆ ಕೊನೆಯ ಮೂರು ಪದಗಳಿಗೆ ಬಲ ಉಳಿಯುತ್ತದೆ. ಹೀಗೆ ‘ದಾಟಿ’, ‘ಇಟ್ಟು’, ‘ನಿಂತು’ ಎಂಬ ಅಪೂರ್ಣ ಕ್ರಿಯೆಗಳೇ ಉಸಿರಿನ ತಾಣಗಳು. ಉದ್ದ ವಾಕ್ಯಗಳಲ್ಲಿ ಅವುಗಳ ಮೇಲೆ ಮೊದಲೇ ಗೆರೆ ಎಳೆದಿಟ್ಟುಕೊಳ್ಳಬೇಕು. ಓದಿದ್ದನ್ನು ಕೇಳುವಾಗ ಕಡೆಯ ಅಕ್ಷರ ‘ನು’ವೋ ‘ಳು’ವೋ ಎಂದು ಅನುಮಾನ ಬಂದರೆ ಅದು ಮರುಮುದ್ರಣವಾಗಬೇಕಾದ ಸಾಲು.

ನಿಮ್ಮ ಗತಿಯನ್ನು ಅಳೆಯಲು ನಿರೂಪಣೆಯ ಭಾಗವೊಂದನ್ನು ಐದು ನಿಮಿಷ ಓದಿ ಪದಗಳನ್ನು ಎಣಿಸಿ. 450 ಪದ ಬಂದಿತೆಂದುಕೊಳ್ಳೋಣ. ಆಗ ಗಂಟೆಗೆ 5,400 ಪದವಾಯಿತು, 54,000 ಪದಗಳ ಕಾದಂಬರಿ 10 ಗಂಟೆಯ ಪುಸ್ತಕವಾಗುತ್ತದೆ. ತಪ್ಪು, ಮರುಓದು, ನೀರು ಎಲ್ಲ ಸೇರಿ ಒಂದು ಗಂಟೆಯ ಸಿದ್ಧ ಮುದ್ರಣಕ್ಕೆ ಎರಡೂವರೆ ಗಂಟೆ ಮೈಕಿನ ಮುಂದೆ ಕಳೆದರೆ ಒಟ್ಟು 25 ಗಂಟೆ ಬೇಕು. ದಿನಕ್ಕೆ ಎರಡೂವರೆ ಗಂಟೆ ಕೂತರೆ ಹತ್ತು ದಿನ. ಪ್ರಕಾಶಕರಿಗೆ ದಿನಾಂಕ ಹೇಳುವ ಮೊದಲು ಈ ಲೆಕ್ಕ ಕೈಯಲ್ಲಿರಬೇಕು.

ಇದೇ 450 ಮುಂದೆ ಅಳತೆಗೋಲಾಗುತ್ತದೆ. ಒಂದು ಬೈಠಕ್ಕಿನ ಮೊದಲ ಐದು ನಿಮಿಷ ಮತ್ತು ಕೊನೆಯ ಐದು ನಿಮಿಷಗಳ ಪದಗಳನ್ನು ಎಣಿಸಿ ನೋಡಿದರೆ ಆಯಾಸ ಎಲ್ಲಿಂದ ಶುರುವಾಯಿತೆಂದು ತಿಳಿಯುತ್ತದೆ. ಕೆಲವರು ದಣಿದಾಗ ನಿಧಾನವಾಗುತ್ತಾರೆ. ಕೆಲವರು ಮುಗಿಸುವ ಆತುರಕ್ಕೆ ಬಿದ್ದು ಓಡುತ್ತಾರೆ. ಎರಡೂ ಓದುವಾಗ ಗೊತ್ತಾಗುವುದಿಲ್ಲ. ಪ್ರತಿದಿನ ಆರಂಭಿಸುವ ಮೊದಲು ಮೊದಲ ಅಧ್ಯಾಯದ ಒಂದು ನಿಮಿಷವನ್ನು ಹೆಡ್‌ಫೋನಿನಲ್ಲಿ ಕೇಳಿ, ಅದರ ಜೊತೆಗೇ ಗಟ್ಟಿಯಾಗಿ ಓದಿ ಗತಿಯನ್ನು ಹಿಡಿದುಕೊಂಡರೆ ಹತ್ತನೆಯ ದಿನದ ಓದು ಮೊದಲ ದಿನದ್ದಕ್ಕೆ ಹೊಂದುತ್ತದೆ.

ಮೈಕಿನ ಮುಂದೆ

ಸದ್ದಿಲ್ಲದ ಚಿಕ್ಕ ಕೋಣೆ, ಗೋಡೆಗೆ ದಪ್ಪ ಕಂಬಳಿ, ಬಾಯಿಯಿಂದ ಒಂದು ಗೇಣು ದೂರದಲ್ಲಿ ಸ್ವಲ್ಪ ಓರೆಯಾಗಿ ಇಟ್ಟ ಮೈಕು, ನಡುವೆ ‘ಪ’ಕಾರದ ಗಾಳಿ ತಡೆಯುವ ಜಾಲರಿ ಇದ್ದರೆ ಕೆಲಸ ಆರಂಭಿಸಬಹುದು. ಫ್ಯಾನು ಹಾಕುವಂತಿಲ್ಲವಾದ್ದರಿಂದ ಬೇಸಿಗೆಯಲ್ಲಿ ಬೆಳಗಿನ ಹೊತ್ತನ್ನು ಆರಿಸಿಕೊಳ್ಳಬೇಕು. ಗಂಜಿ ಹಾಕಿದ ಅಂಗಿ, ಬಳೆ, ಗಡಿಯಾರ ಬೇಡ. ಹಸಿದ ಹೊಟ್ಟೆಯ ಸದ್ದನ್ನೂ ಮೈಕು ಬಿಡುವುದಿಲ್ಲ.

ತಪ್ಪಿದಾಗ ಹಾಗೆಯೇ ಮುಂದುವರಿದು ಆಮೇಲೆ ಕತ್ತರಿಸುವ ಬದಲು, ಅಲ್ಲಿಯೇ ನಿಲ್ಲಿಸಿ, ಕರ್ಸರನ್ನು ವಾಕ್ಯದ ಆರಂಭದಲ್ಲಿಟ್ಟು, ಹಿಂದಿನ ಮೂರ್ನಾಲ್ಕು ಸೆಕೆಂಡನ್ನು ಕೇಳಿಸಿಕೊಳ್ಳುತ್ತ ಅದೇ ದನಿಯಲ್ಲಿ ಮುಂದುವರಿಯುವುದು ಉತ್ತಮ. Audacity ತಂತ್ರಾಂಶದಲ್ಲಿ ಇದಕ್ಕೆ `Shift+D` ಒತ್ತಬೇಕು. ಕೇಳಿಸಿಕೊಂಡ ತಕ್ಷಣ ಓದುವುದರಿಂದ ಗತಿಯೂ ಶ್ರುತಿಯೂ ತಾವಾಗಿ ಹೊಂದುತ್ತವೆ, ಸಂಕಲನದ ಕೆಲಸವೂ ಬಹಳ ಕಡಿಮೆಯಾಗುತ್ತದೆ.

ಗಂಟಲಿನ ತ್ರಾಣ

ಮುಕ್ಕಾಲು ಗಂಟೆ ಓದು, ಹದಿನೈದು ನಿಮಿಷ ಪೂರ್ಣ ಮೌನ: ಈ ಕ್ರಮವನ್ನು ಮೀರಬಾರದು. ಬಿಡುವಿನಲ್ಲಿ ಫೋನಿನಲ್ಲಿ ಮಾತಾಡಿದರೆ ಅದು ಗಂಟಲಿಗೆ ಬಿಡುವಾಗುವುದಿಲ್ಲ. ಪಿಸುಗುಟ್ಟುವುದೂ ಅನೇಕರಿಗೆ ಶ್ರಮವೇ. ಕುಡಿದ ನೀರು ಧ್ವನಿತಂತುಗಳನ್ನು ನೇರವಾಗಿ ಮುಟ್ಟುವುದಿಲ್ಲ, ದೇಹದ ಮೂಲಕವೇ ತಲುಪಬೇಕು. ಆದ್ದರಿಂದ ಕೂರುವುದಕ್ಕೆ ಒಂದೆರಡು ಗಂಟೆ ಮೊದಲಿನಿಂದಲೇ ಕುಡಿಯುತ್ತಿರಬೇಕು. ನಡುನಡುವಿನ ಗುಟುಕು ಬಾಯಿ ಒಣಗದಂತೆ ನೋಡಿಕೊಳ್ಳುತ್ತದೆ. ಬಾಯಿಯ ಚಿಟಿಚಿಟಿ ಸದ್ದು ಹೆಚ್ಚಾದರೆ ಹುಳಿಯಿರುವ ಹಸಿರು ಸೇಬಿನ ಒಂದು ಹೋಳು ತಿಂದು ನೋಡಬಹುದು, ಹಲವು ವಾಚಕರು ಇದನ್ನು ಪಕ್ಕದಲ್ಲಿಯೇ ಇಟ್ಟುಕೊಳ್ಳುತ್ತಾರೆ. ಊಟವಾದ ಕೂಡಲೇ ಓದಲು ಕೂತರೆ ಹುಳಿತೇಗು ಗಂಟಲನ್ನು ಕೆರಳಿಸುತ್ತದೆ.

ಓದುವ ಮುನ್ನ ಸಣ್ಣ ಸ್ಟ್ರಾ ಬಾಯಲ್ಲಿಟ್ಟುಕೊಂಡು ‘ಊ’ ಎಂದು ಕೆಳಗಿನಿಂದ ಮೇಲಕ್ಕೆ, ಮೇಲಿನಿಂದ ಕೆಳಕ್ಕೆ ಐದು ನಿಮಿಷ ದನಿ ಜಾರಿಸುವುದು ಒಳ್ಳೆಯ ಅಭ್ಯಾಸ. ಸ್ಟ್ರಾ ಒಡ್ಡುವ ತಡೆಯಿಂದಾಗಿ ಧ್ವನಿತಂತುಗಳು ಒಂದಕ್ಕೊಂದು ಬಲವಾಗಿ ಬಡಿಯದೆ ಸಡಿಲವಾಗಿ ಕಂಪಿಸುತ್ತವೆ.

ಯಾವಾಗ ನಿಲ್ಲಿಸಬೇಕೆಂದು ತಿಳಿಯಲು ಒಂದು ಸರಳ ಪರೀಕ್ಷೆಯಿದೆ. ಬೆಳಗ್ಗೆ ಕೂರುವ ಮೊದಲು ಬಹಳ ಮೆಲ್ಲಗೆ, ಮೇಲಿನ ಶ್ರುತಿಯಲ್ಲಿ ಹಾಡಿನ ಒಂದು ತುಣುಕನ್ನು ಗುನುಗಿ ನೋಡಿ. ಪ್ರತಿ ಬಿಡುವಿನ ಬಳಿಕ ಅದನ್ನೇ ಮತ್ತೆ ಗುನುಗಿ. ಗಟ್ಟಿಯಾಗಿ ಹೇಳಿದರೆ ಬರುತ್ತದೆ, ಮೆಲ್ಲಗೆ ಹೇಳಿದರೆ ದನಿ ಒಡೆಯುತ್ತದೆ ಅಥವಾ ಬರೀ ಗಾಳಿ ಬರುತ್ತದೆ ಎಂದಾದರೆ ಧ್ವನಿತಂತುಗಳು ಊದಿಕೊಂಡಿರುವ ಸಂಭವವಿದೆ; ಆ ದಿನದ ಕೆಲಸವನ್ನು ಅಲ್ಲಿಗೇ ಮುಗಿಸಬೇಕು. ಪದೇಪದೇ ಕೆಮ್ಮಿ ಗಂಟಲು ಸರಿಮಾಡಿಕೊಳ್ಳಬೇಕೆನಿಸುವುದೂ ಇದರದೇ ಮುನ್ಸೂಚನೆ. ದನಿ ಕರಕರ ಎನ್ನುವುದು ಎರಡು ಮೂರು ವಾರ ಕಳೆದರೂ ಹೋಗದಿದ್ದರೆ ಕಿವಿ-ಮೂಗು-ಗಂಟಲು ವೈದ್ಯರಿಗೆ ತೋರಿಸಲೇಬೇಕು.

ಪುಸ್ತಕ ಮುಗಿದ ಮೇಲೆ ಇನ್ನೊಬ್ಬರು ಪುಟವನ್ನು ಹಿಡಿದುಕೊಂಡು ಕೇಳಿ, ಬಿಟ್ಟ ಪದ, ತಪ್ಪು ಉಚ್ಚಾರ, ನುಂಗಿದ ಕ್ರಿಯಾಪದಗಳ ಪಟ್ಟಿಯನ್ನು ಸಮಯ ಸಹಿತ ಕೊಡಬೇಕು. ಆ ಸಾಲುಗಳನ್ನು ಮೂಲ ಮುದ್ರಣ ನಡೆದ ಹೊತ್ತಿನಲ್ಲಿಯೇ, ಮೈಕನ್ನು ಅದೇ ದೂರದಲ್ಲಿಟ್ಟು ಓದಬೇಕು, ಏಕೆಂದರೆ ಬೆಳಗಿನ ದನಿ ಸಂಜೆಯ ದನಿಗಿಂತ ಸಾಮಾನ್ಯವಾಗಿ ಭಾರವಾಗಿರುತ್ತದೆ. ತಪ್ಪಿದ ಒಂದು ಪದವನ್ನಷ್ಟೇ ತುಂಬಿಸಲು ಹೋದರೆ ತೇಪೆ ಕೇಳಿಸುತ್ತದೆ. ಗೌರಮ್ಮನ ಸಾಲಿನಲ್ಲಿ ‘ಹೊರಡಿ’ ತಪ್ಪಿದ್ದರೆ, ಸುರೇಶನ ಮಾತನ್ನು ಹೆಡ್‌ಫೋನಿನಲ್ಲಿ ಕೇಳಿ, ‘ಬೇಗ’ ಎಂಬಲ್ಲಿಂದ ‘ಕೂಗಿದಳು’ ಎಂಬವರೆಗೆ ಪೂರ್ತಿ ಓದಿ, ಇಡೀ ವಾಕ್ಯವನ್ನೇ ಬದಲಿಸಿ.