ಮೈಸೂರಿನ ವೀಕ್ಷಕರಿಗೆ ಸಿಂಗಪುರದ ಪಟ್ಟಿ ಯಾಕೆ ಬರುತ್ತದೆ

ಒಂದು ಕನ್ನಡ ಸಿನಿಮಾದ ಹಕ್ಕನ್ನು ಭಾರತಕ್ಕೆ ಒಬ್ಬರು, ಹೊರದೇಶಗಳಿಗೆ ಇನ್ನೊಬ್ಬರು ಕೊಳ್ಳುವುದು ಮಾಮೂಲು. ಹಾಗಾಗಿ ಯಾರಾದರೂ ಪ್ಲೇ ಒತ್ತಿದ ಕೂಡಲೇ ಅವರು ಈಗ ಯಾವ ದೇಶದಲ್ಲಿದ್ದಾರೆ ಎಂದು ಸ್ಟ್ರೀಮಿಂಗ್ ಸೇವೆಯ ಸರ್ವರ್ ತೀರ್ಮಾನಿಸಿ ಆ ದೇಶದ ಚಿತ್ರಗಳ ಪಟ್ಟಿಯನ್ನು ಕೊಡಬೇಕಾಗುತ್ತದೆ. ಅದಕ್ಕೆ ಖಚಿತವಾಗಿ ಸಿಗುವ ಸುಳಿವು ಒಂದೇ, ಸಂಪರ್ಕ ಬಂದ ಐಪಿ ವಿಳಾಸ. ಆ ವಿಳಾಸದಲ್ಲಿ ದೇಶದ ಹೆಸರು ಎಲ್ಲೂ ಬರೆದಿರುವುದಿಲ್ಲ. ದೇಶ ಯಾವುದೆಂದು ಹೇಳುವುದು ಬೇರೆಯವರು ಕಟ್ಟಿದ ಡೇಟಾಬೇಸ್. ಈ ಕೆಲಸದಲ್ಲಿ ನಾನು ನೋಡುವ ತಪ್ಪುಗಳಲ್ಲಿ ಹೆಚ್ಚಿನವು ಇಲ್ಲೇ ಹುಟ್ಟುತ್ತವೆ.

ದೂರು ಬಂದಾಗ ಮೊದಲು ಮಾಡುವ ಕೆಲಸ, ಡೇಟಾಬೇಸ್ ಏನು ಹೇಳುತ್ತಿದೆ ಎಂದು ನೇರವಾಗಿ ಕೇಳುವುದು. ಮ್ಯಾಕ್ಸ್‌ಮೈಂಡ್ ಸಂಸ್ಥೆಯ ಉಚಿತ ಕಡತದಲ್ಲಿ ಅದು ಹೀಗೆ. ಇಲ್ಲಿ ಹಾಕಿರುವ ವಿಳಾಸ ಉದಾಹರಣೆಗಳಿಗೆಂದೇ ಮೀಸಲಿಟ್ಟದ್ದು, ಆ ಜಾಗದಲ್ಲಿ ವೀಕ್ಷಕರ ವಿಳಾಸ ಹಾಕಿಕೊಳ್ಳಿ.

```
mmdblookup --file GeoLite2-Country.mmdb --ip 203.0.113.45 country iso_code
mmdblookup --file GeoLite2-Country.mmdb --ip 203.0.113.45 registered_country iso_code
```

ಎರಡೂ ಸಾಲು ಓಡಿಸಬೇಕು. `country` ಎಂದರೆ ವಿಳಾಸ ಬಳಕೆಯಲ್ಲಿದೆ ಎಂದು ಅವರು ಅಂದಾಜು ಮಾಡಿದ ದೇಶ. `registered_country` ಎಂದರೆ ಆ ವಿಳಾಸಗಳ ಗುಂಪು ಯಾವ ದೇಶದ ಹೆಸರಿನಲ್ಲಿ ನೋಂದಣಿಯಾಗಿದೆ ಎಂಬುದು. ಎರಡೂ ಒಂದೇ ಆಗಿರಬೇಕೆಂದಿಲ್ಲ. ಸೇವೆಯ ಕೋಡ್ ಗೊತ್ತಿಲ್ಲದೆ ಎರಡನೆಯದನ್ನು ಓದುತ್ತಿದ್ದರೆ ಬೇರೆ ದೇಶದಲ್ಲಿ ನೋಂದಣಿಯಾದ ಪ್ರತಿಯೊಂದು ಬ್ಲಾಕ್ ತಪ್ಪು ಪಟ್ಟಿಗೆ ಹೋಗುತ್ತದೆ.

ಈಗ ಮೈಸೂರಿನ ಒಂದು ಚಿಕ್ಕ ಬ್ರಾಡ್‌ಬ್ಯಾಂಡ್ ಕಂಪನಿಯನ್ನು ಊಹಿಸಿಕೊಳ್ಳಿ. ಏಷ್ಯಾ ಪೆಸಿಫಿಕ್ ವಲಯಕ್ಕೆ ಐಪಿ ವಿಳಾಸ ಹಂಚುವ ಎಪಿನಿಕ್ ಬಳಿ ಧಾರಾಳವಾಗಿ ಕೊಡುವಷ್ಟು ಐಪಿವಿ4 ಎಂಬ ಹಳೆಯ ಮಾದರಿಯ ವಿಳಾಸಗಳು 2011ರ ಏಪ್ರಿಲ್‌ಗೇ ಮುಗಿದವು. ಅಲ್ಲಿಂದೀಚೆಗೆ ಹೆಚ್ಚು ವಿಳಾಸ ಬೇಕಾದವರು ಇನ್ನೊಬ್ಬರಿಂದ ಕೊಳ್ಳುತ್ತಾರೆ, ಇಲ್ಲವೇ ಬಾಡಿಗೆಗೆ ಹಿಡಿಯುತ್ತಾರೆ. ಈ ಕಂಪನಿ ಸಿಂಗಪುರದವರಿಂದ 256 ವಿಳಾಸಗಳ ಒಂದು ಬ್ಲಾಕ್ ಕೊಂಡಿತು. ಮೈಸೂರಿನ ಮನೆಗಳಿಗೆ ಆ ವಿಳಾಸಗಳು ಅದೇ ದಿನ ಸಿಕ್ಕವು. ಡೇಟಾಬೇಸಿನಲ್ಲಿ ಮಾತ್ರ ಹಳೆಯ `SG` ಹಾಗೆಯೇ ಉಳಿಯಿತು. ಊರು ಬಿಟ್ಟು ಕದಲದ ಮನೆಯವರಿಗೆ ‘ಈ ಚಿತ್ರ ನಿಮ್ಮ ಪ್ರದೇಶದಲ್ಲಿ ಲಭ್ಯವಿಲ್ಲ’ ಎಂಬ ಸಂದೇಶ ಬರುವುದು ಹೀಗೆ.

ಇದನ್ನು ಸರಿಪಡಿಸುವ ಸರಿಯಾದ ದಾರಿ ಜಿಯೋಫೀಡ್. ವಿಳಾಸದ ಒಡೆಯರು ತಮ್ಮ ಯಾವ ಬ್ಲಾಕ್ ಯಾವ ಊರಿನಲ್ಲಿದೆ ಎಂದು ಒಂದು ಸಾದಾ ಕಡತದಲ್ಲಿ ಬರೆದು ತಮ್ಮ ವೆಬ್‌ಸೈಟಿನಲ್ಲಿಡುತ್ತಾರೆ, ಆ ಕಡತದ ಕೊಂಡಿಯನ್ನು ನೋಂದಣಿ ದಾಖಲೆಯಲ್ಲಿ ಸೇರಿಸುತ್ತಾರೆ. 2020ರಲ್ಲಿ ಬಂದ RFC 8805 ಎಂಬ ಇಂಟರ್ನೆಟ್ ತಾಂತ್ರಿಕ ದಾಖಲೆ ಇದರ ರೂಪವನ್ನು ಹೇಳುತ್ತದೆ. ಒಂದು ಬ್ಲಾಕಿಗೆ ಒಂದು ಸಾಲು ಸಾಕು:

```
203.0.113.0/24,IN,IN-KA,Mysuru,
```

ಕೊನೆಯ ಅಲ್ಪವಿರಾಮ ಬಿಡಬೇಡಿ, ಅದು ಪಿನ್ ಕೋಡಿನ ಖಾಲಿ ಜಾಗ. ಕಡತ ಹಾಕಿದ ತಕ್ಷಣ ಎಲ್ಲವೂ ಸರಿಹೋಗುವುದಿಲ್ಲ. ಡೇಟಾಬೇಸಿನವರು ಅದನ್ನು ಓದಬೇಕು, ನಂಬಬೇಕು, ಹೊಸ ಆವೃತ್ತಿ ಬಿಡಬೇಕು. ಆಮೇಲೆ ಸ್ಟ್ರೀಮಿಂಗ್ ಸೇವೆ ಅದನ್ನು ಇಳಿಸಿಕೊಳ್ಳಬೇಕು. ಈ ಕೊನೆಯ ಹೆಜ್ಜೆಯಲ್ಲೇ ಎಷ್ಟೋ ಸೇವೆಗಳು ಎಡವುತ್ತವೆ. ವಾರಕ್ಕೆ ಎರಡು ಸಲ ಹೊಸದಾಗುವ ಕಡತವನ್ನು ತಿಂಗಳುಗಟ್ಟಲೆ ಬದಲಿಸದೆ ಇಟ್ಟುಕೊಂಡಿರುತ್ತಾರೆ. ದೂರು ಬಂದಾಗ ಸರ್ವರಿನಲ್ಲಿರುವ ಕಡತದ ತಾರೀಖು ನೋಡಿಯೇ ಮುಂದಕ್ಕೆ ಹೋಗಿ.

ಸ್ಟ್ರೀಮಿಂಗ್ ಸೇವೆಯ, ಅಂದರೆ ನಮ್ಮ ಕಡೆಯದೇ ಇನ್ನೂ ಒಂದು ತಪ್ಪು ಇರಬಹುದು. ಚಿತ್ರದ ಪಟ್ಟಿಯನ್ನು ಕ್ಯಾಶ್ ಮಾಡುವಾಗ, ಅಂದರೆ ಒಮ್ಮೆ ಕೊಟ್ಟ ಉತ್ತರವನ್ನು ಮತ್ತೆ ಕೊಡಲು ಇಟ್ಟುಕೊಳ್ಳುವಾಗ, ಅದನ್ನು ಗುರುತಿಸುವ ಕೀಲಿಯಲ್ಲಿ ದೇಶವನ್ನು ಸೇರಿಸದಿದ್ದರೆ, ಸಿಂಗಪುರದಿಂದ ಮೊದಲು ಕೇಳಿದವರಿಗೆ ಕೊಟ್ಟ ಉತ್ತರವೇ ಮೈಸೂರಿನವರಿಗೂ ಹೋಗುತ್ತದೆ. ಡೇಟಾಬೇಸ್ ಸರಿಯಾಗಿ `IN` ಎನ್ನುತ್ತಿದ್ದು ಪರದೆ ಮಾತ್ರ ತಪ್ಪು ತೋರಿಸುತ್ತಿದ್ದರೆ ನಾನು ಮೊದಲು ಹುಡುಕುವುದು ಇದನ್ನೇ.

ವಿಳಾಸ ಸರಿಯಾಗಿದ್ದರೂ ಅದರ ಹಿಂದೆ ಕೂತವರು ಅಲ್ಲಿಯೇ ಇದ್ದಾರೆಯೇ ಎಂಬುದು ಬೇರೆ ಪ್ರಶ್ನೆ. ವೀಕ್ಷಕರು ಬೇರೆಡೆಯ ಸರ್ವರಿನ ಮೂಲಕ ಬಂದು ಅದರ ವಿಳಾಸವನ್ನೇ ತೋರಿಸುವಂತೆ ಮಾಡುವುದು ವಿಪಿಎನ್, ಅದರ ಪತ್ತೆ ಎಂದರೆ ಇದೇ. ಸುಲಭದ ಭಾಗ ಮೊದಲು ಹೇಳಿಬಿಡುತ್ತೇನೆ. ವಿಪಿಎನ್ ಕಂಪನಿಗಳು ಬಹುಪಾಲು ತಮ್ಮ ಸರ್ವರುಗಳನ್ನು ಡೇಟಾಸೆಂಟರುಗಳಲ್ಲಿ ಬಾಡಿಗೆಗೆ ಹಿಡಿಯುತ್ತವೆ. ಆ ಡೇಟಾಸೆಂಟರುಗಳ ವಿಳಾಸಗಳ ಪಟ್ಟಿ ದುಡ್ಡು ಕೊಟ್ಟರೆ ಸಿಗುತ್ತದೆ. ಡೇಟಾಸೆಂಟರಿನಲ್ಲಿ ಕೂತು ಯಾರೂ ಸಿನಿಮಾ ನೋಡುವುದಿಲ್ಲವಾದ್ದರಿಂದ ಅದನ್ನು ತಡೆದರೆ ಬಹಳಷ್ಟು ಕೆಲಸ ಮುಗಿಯುತ್ತದೆ. ಆದರೆ ಕಚೇರಿಯ ಲ್ಯಾಪ್‌ಟಾಪಿನಲ್ಲಿ ಕಂಪನಿಯ ವಿಪಿಎನ್ ಬಂದ್ ಮಾಡದೆ ಬೆಂಗಳೂರಿನಲ್ಲೇ ಸಿನಿಮಾ ಹಚ್ಚಿದವರೂ ಇದರಲ್ಲಿ ಸಿಕ್ಕಿಬೀಳುತ್ತಾರೆ.

ಒಂದೇ ವಿಳಾಸದಿಂದ ಎಷ್ಟು ಖಾತೆಗಳು ಬರುತ್ತಿವೆ ಎಂದು ಎಣಿಸುವುದು ಇನ್ನೊಂದು ದಾರಿ. ಮನೆಯೊಂದರಿಂದ 2, 3 ಖಾತೆ ಬರಬಹುದು, 300 ಬಂದರೆ ಅನುಮಾನ ಸಹಜ. ಭಾರತದಲ್ಲಿ ಈ ಲೆಕ್ಕ ನೆಚ್ಚಿಕೊಳ್ಳುವಂತಿಲ್ಲ. ಇಲ್ಲಿನ ಮೊಬೈಲ್ ಕಂಪನಿಗಳು ಐಪಿವಿ4 ಸಾಲದೆ ಒಂದೇ ಹೊರ ವಿಳಾಸದ ಹಿಂದೆ ಬಹಳ ಗಿರಾಕಿಗಳನ್ನು ಇಡುತ್ತವೆ. ಎಣಿಕೆ ಮಾತ್ರ ನೋಡಿ ತಡೆದರೆ ಒಂದೇ ಏಟಿಗೆ ನೂರಾರು ಪ್ರಾಮಾಣಿಕ ಚಂದಾದಾರರು ಹೊರಗೆ ಬೀಳುತ್ತಾರೆ.

ನನಗೆ ಹೆಚ್ಚು ಉಪಯೋಗಕ್ಕೆ ಬಂದಿರುವುದು ಸಮಯದ ಅಳತೆ. ಗಾಜಿನ ತಂತಿಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಹೋಗುತ್ತದೆ. ಅಂದರೆ ಹೋಗಿಬರಲು ಪ್ರತಿ 100 ಕಿಲೋಮೀಟರಿಗೆ ಕನಿಷ್ಠ 1 ಮಿಲಿಸೆಕೆಂಡು ಬೇಕು. ಇದಕ್ಕಿಂತ ಬೇಗ ಯಾವ ವಿಪಿಎನ್ನೂ ತಲುಪಿಸಲಾರದು. ವೀಕ್ಷಕರಿಗೆ ನೇರವಾಗಿ ವಿಡಿಯೊ ಕಳಿಸುವ ಲಿನಕ್ಸ್ ಎಡ್ಜ್ ಸರ್ವರಿನಲ್ಲಿ `ss -ti` ಕೊಟ್ಟರೆ ಪ್ರತಿ ಸಂಪರ್ಕದ ಮುಂದೆ `minrtt` ಎಂದು ಬರುತ್ತದೆ. ಹೋಗಿಬರಲು ಹಿಡಿದ ಅತಿ ಕಡಿಮೆ ಸಮಯ ಅದು. ಸರಾಸರಿ ನೋಡಬೇಡಿ. ವೈಫೈ ಗಿಜಿಗುಟ್ಟಿದರೆ, ಟವರ್ ದೂರವಿದ್ದರೆ ಸರಾಸರಿ ಏರುತ್ತದೆ, ಆದರೆ ಹತ್ತು ನಿಮಿಷ ವಿಡಿಯೊ ಓಡಿದ ಮೇಲಿನ ಕನಿಷ್ಠ ಅಳತೆ ದೂರಕ್ಕೆ ಹತ್ತಿರದಲ್ಲಿರುತ್ತದೆ.

ಸರ್ವರ್ ಮುಂಬೈಯಲ್ಲಿದೆ, ವಿಳಾಸ ಮೈಸೂರಿನದು ಎನ್ನೋಣ. ನೇರ ದಾರಿ ಸುಮಾರು 850 ಕಿಲೋಮೀಟರ್, ತಂತಿಯ ಸುತ್ತುಬಳಸು ಸೇರಿ 20ರಿಂದ 30 ಮಿಲಿಸೆಕೆಂಡು ಬಂದರೆ ಸಹಜ. `minrtt` 240 ತೋರಿಸಿದರೆ ವೀಕ್ಷಕರು ನ್ಯೂಜೆರ್ಸಿಯಲ್ಲಿದ್ದು ಮೈಸೂರಿನ ಮೂಲಕ ಬರುತ್ತಿರಬಹುದು. ವಿಪಿಎನ್ ಟಿಸಿಪಿ ಸಂಪರ್ಕವನ್ನು ನಡುವೆ ಮುಗಿಸದೆ ಅದರ ಪ್ಯಾಕೆಟ್ಟುಗಳನ್ನು ಹಾಗೆಯೇ ಮುಂದೆ ಕಳಿಸುವುದರಿಂದ ಪೂರ್ತಿ ದೂರ ನಮಗೆ ಕಾಣುತ್ತದೆ.

ಪ್ರಾಕ್ಸಿ ಹಾಗಲ್ಲ. ಅದು ಮೈಸೂರಿನಲ್ಲೇ ಟಿಸಿಪಿ ಸಂಪರ್ಕವನ್ನು ಮುಗಿಸಿ ತನ್ನ ಹೆಸರಿನಲ್ಲಿ ನಮಗೆ ಹೊಸದೊಂದನ್ನು ಹೂಡುತ್ತದೆ. ಆಗ `minrtt` 22 ಎಂದು ಬರುತ್ತದೆ, ಎಲ್ಲವೂ ಚೆನ್ನಾಗಿದೆ ಅನಿಸುತ್ತದೆ. ಆದರೆ ಗೂಢಲಿಪಿಯ ಒಪ್ಪಂದವನ್ನು, ಅಂದರೆ ಟಿಎಲ್‌ಎಸ್ ಹಸ್ತಲಾಘವವನ್ನು, ಪ್ರಾಕ್ಸಿ ತಾನೇ ಮಾಡಲಾರದು. ನಮ್ಮ ಸಂದೇಶ ವೀಕ್ಷಕರ ಟಿವಿಯವರೆಗೆ ಹೋಗಿ ಉತ್ತರ ಅಲ್ಲಿಂದಲೇ ಬರಬೇಕು. ಟಿಸಿಪಿಗೆ 22, ಟಿಎಲ್‌ಎಸ್‌ಗೆ 240 ಎಂದು ಮತ್ತೆ ಮತ್ತೆ ಬಂದರೆ ನಡುವೆ ಯಾರೋ ಇದ್ದಾರೆ. ಒಂದೇ ಸಲದ ಅಳತೆಗೆ ಬೆಲೆಯಿಲ್ಲ. ಹಳೆಯ ಟಿವಿ ಪೆಟ್ಟಿಗೆಯೊಂದರ ಚಿಪ್ ನಿಧಾನವಾಗಿದ್ದರೂ ಇದೇ ಅಂತರ ಬರುತ್ತದೆ.

ಇಷ್ಟು ಅಳೆದ ಮೇಲೂ ತಪ್ಪುವ ಒಂದು ಪ್ರಸಂಗ ನಮ್ಮ ಜನರಿಗೆ ತೀರ ಪರಿಚಿತ. ದುಬೈಗೆ ಹೋದ ಮಂಗಳೂರಿನವರೊಬ್ಬರು ಇಲ್ಲಿನ ಸಿಮ್ಮಿನಲ್ಲೇ ರೋಮಿಂಗ್ ಹಾಕಿಸಿಕೊಂಡಿದ್ದಾರೆ. ರೋಮಿಂಗ್‌ನಲ್ಲಿ ಡೇಟಾ ಸಾಮಾನ್ಯವಾಗಿ ದುಬೈಯಿಂದ ಭಾರತದ ಕಂಪನಿಯ ಗೇಟ್‌ವೇಗೆ ವಾಪಸು ಬಂದು ಅಲ್ಲಿಂದ ಇಂಟರ್ನೆಟ್ಟಿಗೆ ಇಳಿಯುತ್ತದೆ. ವಿಳಾಸ ಭಾರತದ್ದು, ಡೇಟಾಸೆಂಟರಿನದ್ದಲ್ಲ, ಪಟ್ಟಿಗಳೆಲ್ಲ ಶುದ್ಧ. ಫೋನಿನ ಗಡಿಯಾರ ದುಬೈನದು, ಹೋಗಿಬರುವ ಸಮಯ ಉದ್ದ. ಇವರು ಯಾವ ವಿಪಿಎನ್ ಹಾಕಿಲ್ಲ, ಯಾವ ತಂತ್ರವನ್ನೂ ಮಾಡಿಲ್ಲ. ಆದರೂ ಹಕ್ಕಿನ ಒಪ್ಪಂದದ ಪ್ರಕಾರ ಅವರಿಗೆ ಭಾರತದ ಪಟ್ಟಿ ಸಲ್ಲದು, ಸಮಯದ ಅಳತೆಯ ಪ್ರಕಾರ ಅವರು ಕಳ್ಳದಾರಿಯವರು. ಎರಡನೆಯ ತೀರ್ಮಾನ ಶುದ್ಧ ಅನ್ಯಾಯ, ಹಾಗಾಗಿ ಮೊಬೈಲ್ ಕಂಪನಿಯ ವಿಳಾಸಗಳಿಗೆ ನಾನು ಸಮಯದ ನಿಯಮವನ್ನು ಹಚ್ಚುವುದೇ ಇಲ್ಲ.

ಪತ್ತೆಯನ್ನು ಎಷ್ಟು ಬಿಗಿ ಮಾಡಬಹುದು ಎಂಬುದಕ್ಕೆ ಒಂದು ಲೆಕ್ಕ ಮಾಡಿ ನೋಡಿ. 10 ಲಕ್ಷ ವೀಕ್ಷಕರಲ್ಲಿ ನೂರಕ್ಕೆ ಒಬ್ಬರು, ಅಂದರೆ 10,000 ಮಂದಿ ವಿಪಿಎನ್ ಬಳಸುತ್ತಾರೆ ಎಂದಿಟ್ಟುಕೊಳ್ಳೋಣ. ನಮ್ಮ ಜಾಲರಿ ಅವರಲ್ಲಿ ನೂರಕ್ಕೆ 95 ಮಂದಿಯನ್ನು ಹಿಡಿಯುತ್ತದೆ, ಉಳಿದ ಪ್ರಾಮಾಣಿಕರಲ್ಲಿ ನೂರಕ್ಕೆ ಒಬ್ಬರನ್ನು ಮಾತ್ರ ತಪ್ಪಾಗಿ ಹಿಡಿಯುತ್ತದೆ. ಕೇಳಲು ಒಳ್ಳೆಯ ಜಾಲರಿಯೇ. ಆದರೆ ಸಿಕ್ಕಿಬಿದ್ದ ವಿಪಿಎನ್ ಬಳಕೆದಾರರು 9,500, ತಪ್ಪಾಗಿ ಸಿಕ್ಕಿಬಿದ್ದವರು 9,90,000ರಲ್ಲಿ ನೂರಕ್ಕೆ ಒಂದು, ಅಂದರೆ 9,900. ತಡೆಗೆ ಒಳಗಾದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ದುಡ್ಡು ಕೊಟ್ಟು ಸರಿಯಾದ ದೇಶದಲ್ಲೇ ಕೂತವರು.

ಅದಕ್ಕೇ ಅನುಮಾನ ಬಂದ ಕೂಡಲೇ ಖಾತೆಯನ್ನು ಮುಚ್ಚಬಾರದು. ನೆಟ್‌ಫ್ಲಿಕ್ಸ್ ಮಾಡುವಂತೆ, ಜಗತ್ತಿನೆಲ್ಲೆಡೆ ಹಕ್ಕಿರುವ ಚಿತ್ರಗಳನ್ನು ತೋರಿಸಿ ಉಳಿದವನ್ನು ಮರೆಮಾಡಿದರೆ ಒಪ್ಪಂದವೂ ಉಳಿಯುತ್ತದೆ, ತಪ್ಪಾಗಿ ಸಿಕ್ಕಿಬಿದ್ದವರ ಸಂಜೆ ಪೂರ್ತಿ ಹಾಳಾಗುವುದೂ ತಪ್ಪುತ್ತದೆ. ಸಂದೇಶದಲ್ಲಿ ‘ನಿಮ್ಮ ವಿಳಾಸ ಸಿಂಗಪುರದ್ದೆಂದು ಕಾಣುತ್ತಿದೆ’ ಎಂದು ದೇಶದ ಹೆಸರನ್ನೂ ಹೇಳಿ. ಅಷ್ಟು ಗೊತ್ತಾದರೆ ಅವರು ತಮ್ಮ ಬ್ರಾಡ್‌ಬ್ಯಾಂಡ್ ಕಂಪನಿಯನ್ನು ಕೇಳಬಹುದು.

ನ್ಯೂಜೆರ್ಸಿಯವರು ಮೈಸೂರಿನ ಅಪ್ಪ ಅಮ್ಮನ ಮನೆಯ ರೂಟರಿನಲ್ಲೇ ವೈರ್‌ಗಾರ್ಡ್ ಎಂಬ ವಿಪಿಎನ್ ಹಾಕಿಟ್ಟಿದ್ದರೆ ಉಳಿಯುವುದು ತೀರ ಸಣ್ಣ ಸುಳಿವುಗಳು. ವಿಳಾಸ ನಿಜವಾದ ಮನೆಯದು, ಅಲ್ಲಿಂದ ಬರುವ ಖಾತೆ ಒಂದೋ ಎರಡೋ. `ss` ಸಾಲಿನಲ್ಲಿ ಒಂದು ಪ್ಯಾಕೆಟ್ಟಿನಲ್ಲಿ ಎಷ್ಟು ಬೈಟ್ ಡೇಟಾ ಹಿಡಿಸುತ್ತದೆ ಎಂದು ಹೇಳುವ, ಸಾಮಾನ್ಯವಾಗಿ 1448 ಇರುವ `mss` ಅಳತೆ, ವೈರ್‌ಗಾರ್ಡಿನ ವಾಡಿಕೆಯ 1420 ಬೈಟ್ ಮಿತಿಯಿಂದಾಗಿ 1368ಕ್ಕೆ ಇಳಿದಿರುತ್ತದೆ. ಮೊಬೈಲ್ ಜಾಲಗಳಲ್ಲೂ ಈ ಅಳತೆ ಇಳಿದಿರುವುದುಂಟು, ಆದ್ದರಿಂದ ಅದೊಂದನ್ನೇ ಹಿಡಿದು ತಡೆಯುವಂತಿಲ್ಲ. ಅದಕ್ಕೆ 240 ಮಿಲಿಸೆಕೆಂಡು ಜೊತೆಯಾದರೆ ಅನುಮಾನ ಗಟ್ಟಿಯಾಗುತ್ತದೆ. ಇದೇ ರೂಟರಿನ ಮೂಲಕ ಬರುವವರು ನ್ಯೂಜೆರ್ಸಿಯಲ್ಲಿರದೆ ಚೆನ್ನೈಯಲ್ಲೋ ಕೊಲಂಬೊದಲ್ಲೋ ಇದ್ದರೆ ಸಮಯದ ವ್ಯತ್ಯಾಸವೂ ಹತ್ತಿಪ್ಪತ್ತು ಮಿಲಿಸೆಕೆಂಡಿನಷ್ಟೇ. ಚೆನ್ನೈಯವರಾದರೆ ದೇಶ ಒಂದೇ, ಪತ್ತೆ ಹಚ್ಚುವ ಅಗತ್ಯವೇ ಇಲ್ಲ. ಕೊಲಂಬೊದವರನ್ನು ಹಿಡಿಯುವ ಅಳತೆ ನನ್ನ ಸರ್ವರಿನಲ್ಲಿ ಯಾವುದೂ ಇಲ್ಲ, ಅವರನ್ನು ಮೈಸೂರಿನವರೆಂದೇ ಎಣಿಸಿ ಚಿತ್ರ ಕಳಿಸುತ್ತೇವೆ.